ಸಾಕ್ಷಿಗಳ ಒಕ್ಕಣೆ ತಿದ್ದುವಾಗ

ವಕೀಲರೊಬ್ಬರ ಕಚೇರಿಯಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಉಯಿಲು ಕೈಗೆ ಬಂದರೆ ಮೊದಲು ಕೊನೆಯ ಪುಟಕ್ಕೇ ಹೋಗುತ್ತೇನೆ. ಆಸ್ತಿಯ ವಿವರವನ್ನು ಎಲ್ಲರೂ ಓದುತ್ತಾರೆ. ಸಾಕ್ಷಿಗಳ ಒಕ್ಕಣೆ ಮಾತ್ರ ಹಳೆಯ ಉಯಿಲಿನಿಂದ ನಕಲಾಗಿ, ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಒಬ್ಬ ವೃದ್ಧೆಯ ಉಯಿಲಿಗೆ ಸಹಿಯಾಗಿತ್ತು. ಮರುದಿನ ಇಬ್ಬರು ಸಾಕ್ಷಿಗಳ ಪ್ರಮಾಣಪತ್ರಗಳ ಕರಡು ಬಂತು. ಕಾನೂನು ಅದನ್ನು ಕೇಳುವುದಿಲ್ಲ, ನಮ್ಮ ಕಚೇರಿಯ ರೂಢಿ ಅಷ್ಟೆ. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ಹೆಸರುಗಳನ್ನು ಗಟ್ಟಿಯಾಗಿ ಓದಿದೆ. ಉಯಿಲಿನಲ್ಲಿ ‘ಲಕ್ಷ್ಮಮ್ಮ’ (ಹೆಸರು ಬದಲಿಸಿದ್ದೇನೆ), ಒಂದು ಪ್ರಮಾಣಪತ್ರದಲ್ಲಿ ‘ಲಕ್ಷ್ಮೀದೇವಮ್ಮ’. ಗುರುತಿನ ಚೀಟಿ ನೋಡಿ ಪ್ರಮಾಣಪತ್ರದಲ್ಲಿ ‘ಲಕ್ಷ್ಮಮ್ಮ’ ಎಂದು ತಿದ್ದಿದೆ. ‘ಸದರಿಯವರು ಅವರ ಸಮಕ್ಷಮ ರುಜು ಮಾಡಿದರು’ ಎಂಬ ಸಾಲಿನಲ್ಲಿ ಸದರಿಯವರು ಯಾರು, ಅವರು ಯಾರು ಎಂದು ತಿಳಿಯದೆ, ಎರಡೂ ಕಡೆ ‘ಉಯಿಲುದಾರರು’, ‘ನಾನು’ ಎಂದು ಬಿಡಿಸಿ ಬರೆದೆ.

ನಂತರ ಕ್ರಿಯಾಪದಗಳು. ‘ರುಜು ಮಾಡುತ್ತಾರೆ’ ಎಂದು ಒಂದು ಕಡೆ, ‘ಮಾಡಿರುತ್ತಾರೆ’ ಎಂದು ಇನ್ನೊಂದು ಕಡೆ. ಉಯಿಲಿನ ಒಕ್ಕಣೆ ಸಹಿಗೆ ಮುಂಚೆಯೇ ಟೈಪಾಗುವುದರಿಂದ ಈ ಗೊಂದಲ. ಆದದ್ದನ್ನು ಹೇಳುವ ಸಾಕ್ಷಿಗೆ ಭೂತಕಾಲವೇ ಸರಿ ಎಂದು ‘ರುಜು ಮಾಡಿದ್ದನ್ನು ನಾನು ಕಂಡಿದ್ದೇನೆ’ ಎಂದು ಬರೆಯಲು ಹೊರಟೆ. ‘ಕಂಡಿದ್ದೇನೆ’ ಎನ್ನುವಲ್ಲಿ ಪೆನ್ನು ನಿಂತಿತು. ಎರಡನೆಯ ಸಾಕ್ಷಿಯ ಕರಡಿನಲ್ಲಿ ಟೈಪಿಸ್ಟ್ ಹೊಡೆದುಹಾಕಿದ್ದ ಒಂದು ಸಾಲು ಇನ್ನೂ ಓದಲು ಬರುವಂತಿತ್ತು: ‘ನಾನು ಬರುವ ವೇಳೆಗೆ ರುಜು ಆಗಿತ್ತು, ಅದು ತಮ್ಮದೇ ಎಂದು ಹೇಳಿದರು.’ ಉಯಿಲಿಗೆ ಹೊಂದಲಿ ಎಂದು ಅವನು ಅದನ್ನು ತೆಗೆದಿದ್ದ. ಸಾಕ್ಷಿಗೆ ಫೋನ್ ಮಾಡಿದೆ. ‘ಹೌದು, ಬಸ್ ತಡವಾಯಿತು’ ಎಂದರು.

1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಕಲಮಿನ ಪ್ರಕಾರ ಅದೇನೂ ದೋಷವಲ್ಲ. ಇಬ್ಬರೂ ಏಕಕಾಲಕ್ಕೆ ಇರಬೇಕಿಲ್ಲ, ಸಹಿ ತನ್ನದೆಂದು ಉಯಿಲುದಾರರೇ ಸಾಕ್ಷಿಗೆ ಹೇಳಿದರೂ ಸಾಕು. ಸಾಕ್ಷಿ ಮಾತ್ರ ಉಯಿಲುದಾರರ ಎದುರಿನಲ್ಲಿ ಸಹಿ ಹಾಕಬೇಕು, ಅವರು ಹಾಗೆಯೇ ಹಾಕಿದ್ದರು. ಆದರೆ ನಮ್ಮ ಉಯಿಲಿನ ಒಕ್ಕಣೆ ‘ನಾವಿಬ್ಬರೂ ಒಟ್ಟಿಗೆ ಇದ್ದು ಕಂಡಿದ್ದೇವೆ’ ಎನ್ನುತ್ತಿತ್ತು. ಮುಂದೆ ಪಾಟೀಸವಾಲಿನಲ್ಲಿ ಎದುರಾಳಿ ವಕೀಲರಿಗೆ ಅಷ್ಟೇ ಸಾಕು.

ಮಾತು ತಪ್ಪಿದ್ದರೆ ನಾನು ತಿದ್ದಬಲ್ಲೆ. ನಡೆದದ್ದೇ ಬೇರೆಯಾಗಿದ್ದರೆ ಕರಡನ್ನು ವಕೀಲರ ಮುಂದಿಡುತ್ತೇನೆ. ಸಹಿಯಾದ ಉಯಿಲಿನಲ್ಲಿ ಗೀಚುವ ಹಾಗೂ ಇಲ್ಲ. ಉಯಿಲುದಾರರೂ ಸಾಕ್ಷಿಗಳೂ ಮತ್ತೆ ಸಹಿ ಹಾಕದ ಹೊರತು ತಿದ್ದುಪಡಿಗೆ ಬೆಲೆಯಿಲ್ಲ. ಅಜ್ಜಿ ಗಟ್ಟಿಯಾಗಿದ್ದರು. ವಕೀಲರು ಹಿಂದಿನದನ್ನು ರದ್ದುಪಡಿಸುವ ಹೊಸ ಉಯಿಲನ್ನೇ ಬರೆಸಿದರು. ಈ ಸಲ ಎರಡನೆಯ ಸಾಕ್ಷಿ ಬಂದು ಕುಳಿತ ಮೇಲೆಯೇ ಅಜ್ಜಿಯ ಕೈಗೆ ಪೆನ್ನು ಕೊಟ್ಟೆವು.