ಕಡಲೆಗೊಂದು ಹಾಳೆ: ಪಾಠದ ನೋಟ್ಸಿನಿಂದ ಬೆಳೆವಾರು ಚಾರ್ಟ್

ಕ್ಲಾಸಿನಲ್ಲಿ ಮೇಷ್ಟ್ರು ಒಂದು ದಿನ ಎಲ್ಲ ಬೆಳೆಗಳ ಮಣ್ಣು ಹೇಳುತ್ತಾರೆ, ಇನ್ನೊಂದು ದಿನ ಎಲ್ಲ ಬೆಳೆಗಳ ಕೀಟ. ಪರೀಕ್ಷೆಯಲ್ಲಿ ಬರುವುದು ಮಾತ್ರ ‘ಹಿಂಗಾರಿ ಕಡಲೆ ಬೇಸಾಯ ವಿವರಿಸಿ’ ಅಂತ. ಅದಕ್ಕೇ ಬೆಳೆಗೊಂದು ಹಾಳೆ ಬೇಕು. ಧಾರವಾಡದ ಹಾಸ್ಟೆಲ್ ಗೋಡೆಗಳ ಮೇಲೆ ಇಂಥ ಚಾರ್ಟ್ ಬೇಕಾದಷ್ಟು ಕಾಣುತ್ತವೆ. ಹೆಚ್ಚಿನವು ನಾಲ್ಕು ಡಬ್ಬಿಯಲ್ಲಿ ತುಂಬಿದ ನೋಟ್ಸು, ಅಷ್ಟೇ.

ಮೊದಲು ನೋಟ್ಸ್ ಓದುತ್ತಾ ಅಂಚಿನಲ್ಲಿ ಬೆಳೆಯ ಹೆಸರು ಬರೆಯಿರಿ. ಪಕ್ಕದಲ್ಲಿ ಮಣ್ಣಿಗೆ ಮ, ನೀರಿಗೆ ನೀ, ಕೀಟಕ್ಕೆ ಕೀ, ಇಳುವರಿಗೆ ಇ ಅಂತ ಗುರುತು ಹಾಕಿ. ಆಮೇಲೆ ಎ4 ಹಾಳೆ ಅಡ್ಡ ಇಟ್ಟುಕೊಳ್ಳಿ. ಬಣ್ಣ ಎರಡೇ ಸಾಕು. ಅಂಗಡಿಯ ಲ್ಯಾಮಿನೇಟೆಡ್ ಚಾರ್ಟ್ ಕೊಳ್ಳಬೇಡಿ. ಅದರಲ್ಲಿ ಇಳುವರಿ ಇರುತ್ತದೆ, ಆದರೆ ಮಳೆಯಾಶ್ರಿತವೋ ನೀರಾವರಿಯೋ ಅನ್ನುವುದೇ ಇರುವುದಿಲ್ಲ.

ಮಣ್ಣು ಒಂದೇ ಸಾಲು: ನೀರು ನಿಲ್ಲದ ಎರೆ ಭೂಮಿ.

ಎಡವುವುದು ನೀರು ಮತ್ತು ಕೀಟದಲ್ಲಿ. ‘ನೀರು: ಎರಡು ಸಲ. ಕೀಟ: ಕಾಯಿಕೊರಕ’ ಅಂತ ಬರೆದರೆ ಯಾವಾಗ ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ಈ ಎರಡಕ್ಕೂ ಡಬ್ಬಿ ಬೇಡ. ಹಾಳೆಯ ನಡುವೆ ಒಂದು ಗೆರೆ ಎಳೆದು, ಬಿತ್ತನೆಯಿಂದ 100 ದಿನದವರೆಗೆ ಹತ್ತತ್ತು ದಿನಕ್ಕೆ ಗುರುತು ಮಾಡಿ. ಜೆಜಿ-11 ತಳಿಗೆ ಅಷ್ಟು ಉದ್ದ ಸಾಕು. ಸುಮಾರು 45ರ ಹತ್ತಿರ ‘ಹೂ’, 60ರ ಹತ್ತಿರ ‘ಕಾಯಿ’ ಅಂತ ಬರೆಯಿರಿ.

ಗೆರೆಯ ಮೇಲೆ ನೀರು. ಗದಗ ಸೀಮೆಯ ಎರೆಯಲ್ಲಿ ಕಡಲೆ ಹೆಚ್ಚಾಗಿ ಭೂಮಿಯಲ್ಲಿ ಉಳಿದ ತೇವದಲ್ಲೇ ಬರುತ್ತದೆ. ಹಾಗಾಗಿ ‘ತೇವ ಕಡಿಮೆಯಾದರೆ ಮಾತ್ರ’ ಅಂತ ಮೊದಲು ಬರೆದು, ಹೂವಿಗೆ ಮುಂಚೆ, 30-35 ದಿನಕ್ಕೆ ನೀರಿನ ಗುರುತಾಗಿ ಒಂದು ಹನಿಯ ಚಿತ್ರ ಬಿಡಿಸಿ. ಕಾಯಿ ಕಟ್ಟುವಾಗ ಇನ್ನೊಂದು. ಹೂ ತುಂಬಿದ ಜಾಗದಲ್ಲಿ ಕೆಂಪು ಅಡ್ಡಗೆರೆ ಹಾಕಿ. ಆಗ ನೀರು ಜಾಸ್ತಿಯಾದರೆ ಗಿಡ ಸೊಕ್ಕಿ ಎಲೆ ಬಿಡುತ್ತದೆ, ಕಾಯಿ ಕಡಿಮೆಯಾಗುತ್ತದೆ.

ಗೆರೆಯ ಕೆಳಗೆ ಕೀಟ. ಕಾಯಿಕೊರಕದ ಪಟ್ಟಿಯನ್ನು ಹೂವಿಗೆ ಸ್ವಲ್ಪ ಮುಂಚೆ ಶುರುಮಾಡಿ ಕಾಯಿ ಬಲಿಯುವವರೆಗೆ ಎಳೆಯಿರಿ. ಎಳೆ ಹುಳ ಎಲೆ ಕೆರೆಯುತ್ತದೆ. ಬಲಿತದ್ದು ತಲೆ ಕಾಯಿಯೊಳಗೆ ತೂರಿಸಿ, ಮೈ ಹೊರಗೇ ಬಿಟ್ಟು ತಿನ್ನುತ್ತದೆ. ಕಾಯಿಯಲ್ಲಿ ದುಂಡನೆಯ ತೂತು ಉಳಿಯುತ್ತದೆ. ಪಟ್ಟಿಯ ಮೇಲೆ ‘ಸಾಲಿನ ಒಂದು ಮೀಟರಿಗೆ ಒಂದು ಹುಳ’ ಅಂತ ಬರೆಯಲೇಬೇಕು. ಔಷಧಿ ಯಾವಾಗ ಹೊಡೆಯಬೇಕು ಅನ್ನುವುದಕ್ಕೆ ಉತ್ತರ ಅದು. ಸೊರಗು ರೋಗವನ್ನು ಇದೇ ಪಟ್ಟಿಗೆ ಸೇರಿಸುವವರೇ ಜಾಸ್ತಿ. ಅದು ಶಿಲೀಂಧ್ರದಿಂದ ಬರುವ ರೋಗ, ಕೀಟವಲ್ಲ. ಬೇರೆ ಸಾಲು ಕೊಡಿ: ಗಿಡ ಬಾಡುತ್ತದೆ, ಬೇರು ಸೀಳಿದರೆ ಒಳಗೆ ಕಂದು ಗೆರೆ.

ಇಳುವರಿಗೆ ಮೂಲೆಯ ಜಾಗ ಸಾಕು, ಆದರೆ ಅಳತೆ ಬಿಡಬೇಡಿ. ಮಳೆಯಾಶ್ರಿತದಲ್ಲಿ ಎಕರೆಗೆ 5 ಕ್ವಿಂಟಲ್ ಅಂತ ಮೇಷ್ಟ್ರು ಹೇಳಿದ್ದರೆ, ಪಕ್ಕದಲ್ಲೇ ಹೆಕ್ಟೇರಿಗೆ ಸುಮಾರು 12.5 ಅಂತ ಬರೆದುಬಿಡಿ. ಪ್ರಶ್ನೆಪತ್ರಿಕೆಯಲ್ಲಿ ಹೆಕ್ಟೇರ್ ಕೇಳಿ, ಎಕರೆಯ ಲೆಕ್ಕ ಬರೆದು ಬಂದವರು ಎಷ್ಟೋ ಜನ.

ಮುಂದಿನ ಹಾಳೆ ಹಾವೇರಿ ಕಡೆಯ ಗೋವಿನಜೋಳವಾದರೆ ಇದೇ ಗೆರೆಯನ್ನು ನಕಲು ಮಾಡಬೇಡಿ. ಅಲ್ಲಿ ಸೈನಿಕ ಹುಳು ಸಸಿ ಸಣ್ಣದಿರುವಾಗಲೇ ಸುಳಿಗೆ ಇಳಿಯುತ್ತದೆ. ಪಟ್ಟಿ ಎಡತುದಿಯಿಂದಲೇ ಶುರುವಾಗಬೇಕು.