‘ವೈರಲ್ ಗ್ಯಾರಂಟಿ ಕೊಡಿ’ ಎಂದವರಿಗೆ ಉತ್ತರ ಬರೆಯುವುದು ಹೇಗೆ?

ಚಿಕ್ಕ ವಿಡಿಯೊಗಳಿಗೆ ಸ್ಕ್ರಿಪ್ಟ್ ಬರೆಯುವವರ ಫೋನಿಗೆ ಇಂಥದ್ದೊಂದು ಸಂದೇಶ ಬಾರದ ತಿಂಗಳಿಲ್ಲ: ‘ಹತ್ತು ಲಕ್ಷ ವ್ಯೂಸ್ ಗ್ಯಾರಂಟಿ ಅಂತ ಬರೆದು ಕೊಡಿ, ನಾಳೆಯೇ ಅಡ್ವಾನ್ಸ್ ಹಾಕ್ತೀನಿ.’ ಇದಕ್ಕೆ ನಮ್ಮವರು ಸಾಮಾನ್ಯವಾಗಿ ಕೊಡುವ ಉತ್ತರ ‘ನೋಡೋಣ ಸಾರ್, ಟ್ರೈ ಮಾಡೋಣ’. ಬರೆದವರ ಮನಸ್ಸಿನಲ್ಲಿ ಅದು ನಯವಾದ ನಿರಾಕರಣೆ, ಓದಿದವರ ಪಾಲಿಗೆ ಪೂರ್ತಿ ಒಪ್ಪಿಗೆ. ತಿಂಗಳ ಬಳಿಕ ವಿಡಿಯೊ ಎಂಟು ನೂರು ವ್ಯೂಸ್ ದಾಟದೆ ನಿಂತಾಗ ಬಾಕಿ ಹಣವೂ ಅಲ್ಲಿಯೇ ನಿಲ್ಲುತ್ತದೆ. ನಾನೂ ಹೀಗೆ ಎರಡು ಬಾರಿ ಬಾಕಿ ಕಳೆದುಕೊಂಡ ಮೇಲೆಯೇ ಉತ್ತರವನ್ನು ಪತ್ರವಾಗಿ ಬರೆಯುವುದನ್ನು ರೂಢಿಸಿಕೊಂಡೆ. ಇತ್ತೀಚೆಗೆ ಚಳ್ಳಕೆರೆ ಕಡೆಯ ಮರದ ಗಾಣವೊಂದರ ಯಜಮಾನರಿಗೆ ಬರೆದ ಪತ್ರವನ್ನೇ ಮುಂದಿಟ್ಟುಕೊಂಡು ಆ ಕ್ರಮವನ್ನು ವಿವರಿಸುತ್ತೇನೆ.

ಮೊದಲ ಹಂತ: ಎರಡು ಪ್ರಶ್ನೆ

ಪತ್ರ ಬರೆಯುವ ಮೊದಲು ಎರಡೇ ಪ್ರಶ್ನೆ ಕೇಳಿ: ನಿಮ್ಮ ಹಿಂದಿನ ಐದು ವಿಡಿಯೊಗಳಿಗೆ ಎಷ್ಟೆಷ್ಟು ವ್ಯೂಸ್ ಬಂದಿವೆ? ಹತ್ತು ಲಕ್ಷ ಬಂದರೆ ಆಮೇಲೆ ನಿಮಗೆ ಏನಾಗಬೇಕು? ಎರಡನೆಯದಕ್ಕೆ ಗಾಣದ ಯಜಮಾನರು ಕೊಟ್ಟ ಉತ್ತರ, ದಾವಣಗೆರೆ ಮತ್ತು ಚಿತ್ರದುರ್ಗದ ಮನೆಗಳಿಂದ ತಿಂಗಳಿಗೆ ನೂರು ಲೀಟರ್ ಕಡಲೆಕಾಯಿ ಎಣ್ಣೆಗೆ ಆರ್ಡರ್ ಬರಬೇಕು ಎಂಬುದಾಗಿತ್ತು. ಹತ್ತು ಲಕ್ಷಕ್ಕೂ ನೂರು ಲೀಟರಿಗೂ ನೇರ ಸಂಬಂಧವಿಲ್ಲ ಎಂಬುದನ್ನು ಅವರಿಗೆ ತೋರಿಸಿಕೊಡುವುದೇ ಪತ್ರದ ಅರ್ಧ ಕೆಲಸ.

ಎರಡನೆಯ ಹಂತ: ‘ಆಗುವುದಿಲ್ಲ’ ಎಂಬುದು ಎರಡನೆಯ ವಾಕ್ಯದಲ್ಲಿರಲಿ

ಮೊದಲ ವಾಕ್ಯ ನಮಸ್ಕಾರಕ್ಕೆ ಮತ್ತು ವಿಷಯಕ್ಕೆ. ಎರಡನೆಯ ವಾಕ್ಯದಲ್ಲಿಯೇ ನಿರಾಕರಣೆ ಬರಬೇಕು. ಮೂರು ಪ್ಯಾರಾ ಹೊಗಳಿಕೆಯ ನಂತರ ಅದನ್ನು ಅಡಗಿಸಿಟ್ಟರೆ ಯಾರೂ ಅಲ್ಲಿಯವರೆಗೆ ಓದುವುದಿಲ್ಲ. ನಾನು ಬರೆದದ್ದು ಹೀಗೆ:

‘ಮಾನ್ಯರೇ, ನಮಸ್ಕಾರ. ತಮ್ಮ ಗಾಣದ ಎಣ್ಣೆಯ ವಿಡಿಯೊ ಕುರಿತ ಸಂದೇಶ ತಲುಪಿದೆ. ವಿಡಿಯೊ ವೈರಲ್ ಆಗುತ್ತದೆ ಎಂದಾಗಲಿ, ಇಂತಿಷ್ಟು ವ್ಯೂಸ್ ಬರುತ್ತದೆ ಎಂದಾಗಲಿ ನಾನು ಬರೆದುಕೊಡಲಾರೆ, ಏಕೆಂದರೆ ಅದು ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿ ಇರುವುದೇನು, ಅದಕ್ಕೆ ನಾನು ಹೇಗೆ ಹೊಣೆ ಎಂಬುದನ್ನು ಮುಂದೆ ಬರೆದಿದ್ದೇನೆ.’

ಇಲ್ಲಿ ‘ಬಹುಶಃ’, ‘ಸಾಮಾನ್ಯವಾಗಿ’, ‘ಹೆಚ್ಚುಕಡಿಮೆ ಖಚಿತ’ ಎಂಬ ಪದಗಳು ನುಸುಳದಂತೆ ನೋಡಿಕೊಳ್ಳಿ. ‘ನನ್ನ ಹಿಂದಿನ ಒಂದು ವಿಡಿಯೊಗೆ ನಾಲ್ಕು ಲಕ್ಷ ಬಂದಿತ್ತು’ ಎಂದು ಸೇರಿಸುವ ಆಸೆಯಾಗುತ್ತದೆ, ಸೇರಿಸಬೇಡಿ. ಆ ವಾಕ್ಯವನ್ನು ಅವರು ಗ್ಯಾರಂಟಿ ಎಂದೇ ಓದಿಕೊಳ್ಳುತ್ತಾರೆ.

ಮೂರನೆಯ ಹಂತ: ನಿರೀಕ್ಷೆಯ ಪ್ಯಾರಾ

ಬಹುತೇಕರು ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ನಿಧಾನವಾಗಿ ನೋಡೋಣ. ‘ಅಲ್ಗಾರಿದಮ್ ಯಾರ ಮಾತೂ ಕೇಳುವುದಿಲ್ಲ ಸಾರ್’ ಎಂದು ಬರೆದು ಮುಗಿಸುವವರನ್ನು ಬಹಳ ಕಂಡಿದ್ದೇನೆ. ಅದು ನಿಜವಿರಬಹುದು, ಆದರೆ ಹಣ ಕೊಡುವವರಿಗೆ ಅದು ನುಣುಚಿಕೊಳ್ಳುವ ಮಾತಿನಂತೆ ಕೇಳುತ್ತದೆ. ಅವರದೇ ಅಂಕಿಗಳನ್ನು ಅವರ ಮುಂದಿಟ್ಟು ಮಾತನಾಡಬೇಕು.

ಮೊದಲು ‘ವ್ಯೂ’ ಎಂದರೆ ಏನೆಂಬುದನ್ನು ತಿಳಿಸಿ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ, ವಿಡಿಯೊ ಓಡಲು ಆರಂಭಿಸಿದರೆ ಸಾಕು, ಒಂದು ವ್ಯೂ ಲೆಕ್ಕಕ್ಕೆ ಸೇರುತ್ತದೆ. ಇಷ್ಟು ಸೆಕೆಂಡು ನೋಡಿರಲೇಬೇಕು ಎಂಬ ನಿಯಮವಿಲ್ಲ, ಅದೇ ವಿಡಿಯೊ ಮತ್ತೆ ಓಡಿದರೆ ಮತ್ತೊಂದು ವ್ಯೂ. ಬೆರಳಿನಿಂದ ಮೇಲಕ್ಕೆ ಸರಿಸುತ್ತ ಹೋಗುವವರ ಪರದೆಯ ಮೇಲೆ ಗಾಣ ಅರೆಕ್ಷಣ ಮಿಂಚಿ ಹೋದರೂ ಅದು ಲೆಕ್ಕಕ್ಕೆ ಬರುತ್ತದೆ. ನಿಂತು ನೋಡಿದವರ ಲೆಕ್ಕವನ್ನು ಯೂಟ್ಯೂಬ್ ಸ್ಟುಡಿಯೊದಲ್ಲಿ ಬೇರೆಯಾಗಿ ತೋರಿಸುತ್ತಾರೆ, ಗ್ರಾಹಕರು ನೋಡಬೇಕಾದದ್ದು ಅದನ್ನು. ಇಷ್ಟನ್ನು ತಿಳಿಸಿದರೆ ಹತ್ತು ಲಕ್ಷ ಎಂಬ ಸಂಖ್ಯೆಯ ಬಿಗುವು ತಾನಾಗಿಯೇ ಸ್ವಲ್ಪ ಸಡಿಲುತ್ತದೆ.

ಎರಡನೆಯದಾಗಿ, ಅವರ ಹಳೆಯ ಐದು ವಿಡಿಯೊಗಳನ್ನು ಸಾಲಾಗಿ ಬರೆಯಿರಿ. ಗಾಣದವರದ್ದು 410, 650, 380, 2,300 ಮತ್ತು 520 ಇತ್ತು. ಸರಾಸರಿ ತೆಗೆದರೆ 852 ಬರುತ್ತದೆ, ಆದರೆ ಐದರಲ್ಲಿ ನಾಲ್ಕು ವಿಡಿಯೊಗಳು ಆ ಸಂಖ್ಯೆಯ ಹತ್ತಿರವೂ ಹೋಗಿಲ್ಲ. ಒಂದೇ ಒಂದು ವಿಡಿಯೊ ಸರಾಸರಿಯನ್ನು ಮೇಲಕ್ಕೆಳೆದಿದೆ. ಆದ್ದರಿಂದ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ, ಅದು 520. ‘ತಮ್ಮ ಖಾತೆಯ ಈಗಿನ ಮಟ್ಟ ಸುಮಾರು ಐನೂರು, ಹತ್ತು ಲಕ್ಷವೆಂದರೆ ಅದರ ಎರಡು ಸಾವಿರ ಪಟ್ಟು’ ಎಂದು ಬರೆದಾಗ ಆ ಬೇಡಿಕೆ ಎಂಥದ್ದೆಂಬುದು ವ್ಯಾಪಾರ ಮಾಡುವವರಿಗೆ ತಟ್ಟನೆ ತಿಳಿಯುತ್ತದೆ.

ಅಲ್ಲಿಗೇ ನಿಲ್ಲಿಸದೆ 2,300 ದಾಟಿದ ವಿಡಿಯೊದಲ್ಲಿ ಏನಿತ್ತೆಂದು ನೋಡಿ. ಉಳಿದ ನಾಲ್ಕರಲ್ಲಿ ಯಜಮಾನರು ಅಂಗಡಿಯ ಬೋರ್ಡಿನ ಮುಂದೆ ನಿಂತು ‘ಎಲ್ಲರಿಗೂ ನಮಸ್ಕಾರ, ನಮ್ಮ ಸಂಸ್ಥೆಯು’ ಎಂದು ಶುರು ಮಾಡುತ್ತಿದ್ದರು. ಈ ಒಂದರಲ್ಲಿ ಅವರ ಮಗ ಮಾತಿಲ್ಲದೆ ಗಾಣದ ಒನಕೆ ತಿರುಗುವ ಕಿರ್ರೆಂಬ ಸದ್ದನ್ನೂ, ಅಂಚಿನಿಂದ ಹಿಂಡಿಯ ಚಕ್ಕೆ ಬಿಟ್ಟುಕೊಳ್ಳುವುದನ್ನೂ ಹತ್ತಿರದಿಂದ ಹಿಡಿದಿದ್ದ. ನಾನು ಅದನ್ನೇ ಪತ್ರದಲ್ಲಿ ಬರೆದೆ, ಏಕೆಂದರೆ ಸ್ಕ್ರಿಪ್ಟ್ ಬರೆಯುವವರ ಕೈಯಲ್ಲಿ ನಿಜವಾಗಿ ಇರುವುದು ಮೊದಲ ಮೂರು ಸೆಕೆಂಡಿನಲ್ಲಿ ಏನು ಕಾಣುತ್ತದೆ, ಏನು ಕೇಳುತ್ತದೆ ಎಂಬುದು. ಇಂಥ ವಿಡಿಯೊವನ್ನು ಮೊದಲು ಸ್ವಲ್ಪ ಜನರಿಗೆ ತೋರಿಸಲಾಗುತ್ತದೆ, ಅವರು ನಿಂತು ನೋಡಿದರೆ ಇನ್ನಷ್ಟು ಜನರ ಮುಂದೆ ಹೋಗುತ್ತದೆ. ನಾವು ಪ್ರಯತ್ನಿಸಬಹುದಾದದ್ದು ಆ ಮೊದಲ ಗುಂಪನ್ನು ನಿಲ್ಲಿಸುವುದನ್ನು. ಅನಂತರದ್ದು ಆ ದಿನ ಬೇರೆ ಏನು ಓಡುತ್ತಿದೆ, ಯಾರು ಹಂಚಿಕೊಂಡರು ಎಂಬುದರ ಮೇಲೆ ಹೋಗುತ್ತದೆ.

ಇಲ್ಲೊಂದು ಮಾತು. ‘ವೈರಲ್ ಆರಂಭದ ನೂರು ಸಾಲುಗಳು’ ಎಂಬ ಪಿಡಿಎಫ್‌ಗಳು ಈಗ ಮಾರಾಟವಾಗುತ್ತಿವೆ. ಕೊಂಡು ಓದಿದ್ದೇನೆ, ಕೊಟ್ಟ ಹಣ ವ್ಯರ್ಥ. ‘ಈ ತಪ್ಪನ್ನು ನೀವೂ ಮಾಡುತ್ತಿದ್ದೀರಾ?’ ಎಂಬ ಸಾಲು ಎಣ್ಣೆಗೂ ಹೊಂದುತ್ತದೆ, ಏರ್‌ಕೂಲರಿಗೂ ಹೊಂದುತ್ತದೆ. ಒಂದು ಲೀಟರ್ ಗಾಣದೆಣ್ಣೆಗೆ ಎರಡೂವರೆಯಿಂದ ಮೂರು ಕೆ.ಜಿ. ಕಡಲೆಬೀಜ ಬೇಕು ಎಂಬ ಸಂಗತಿಯನ್ನು ತಕ್ಕಡಿಯ ಮೇಲೆ ಸುರಿದು ತೋರಿಸುವ ಆರಂಭ ಎಣ್ಣೆಗೆ ಮಾತ್ರ ಹೊಂದುತ್ತದೆ, ‘ಇಷ್ಟೊಂದು ದುಬಾರಿ ಏಕೆ’ ಎಂಬ ಗೃಹಿಣಿಯ ಪ್ರಶ್ನೆಗೂ ಉತ್ತರವಾಗುತ್ತದೆ.

ಹೊಣೆಯನ್ನು ಹಂಚುವ ಭಾಗವನ್ನು ನಾನು ಹೀಗೆ ಬರೆದೆ:

‘ನಾನು ಕೊಡುವುದು: 45 ಸೆಕೆಂಡಿನ ಒಂದು ಸ್ಕ್ರಿಪ್ಟ್, ಅದಕ್ಕೆ ಮೂರು ಬೇರೆ ಬೇರೆ ಆರಂಭ, ಎರಡು ಬಾರಿ ತಿದ್ದುಪಡಿ, ಏಳು ದಿನದೊಳಗೆ. ಇದರಲ್ಲಿ ಯಾವುದೇ ಕೊರತೆಯಾದರೂ ನಾನೇ ಹೊಣೆ. ತಾವು ನೋಡಿಕೊಳ್ಳಬೇಕಾದದ್ದು: ಗಾಣದ ಸದ್ದು ಸ್ಪಷ್ಟವಾಗಿ ಬರುವಂತೆ ಚಿತ್ರೀಕರಣ, ಮೂರೂ ಆರಂಭಗಳನ್ನು ಬೇರೆ ಬೇರೆ ವಾರದಲ್ಲಿ ಹಾಕುವುದು, ಮೊದಲ ಮೂರು ಸೆಕೆಂಡಿನಲ್ಲಿ ಏನನ್ನಾದರೂ ಬದಲಿಸುವ ಮೊದಲು ನನಗೆ ತಿಳಿಸುವುದು. ಎಷ್ಟು ಜನರಿಗೆ ತಲುಪುತ್ತದೆ ಎಂಬುದು ತಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ.’

ಬದಲಾವಣೆಯ ಷರತ್ತನ್ನು ದಯವಿಟ್ಟು ಬಿಡಬೇಡಿ. ಒಮ್ಮೆ ನಾನು ಬರೆದ ಆರಂಭದ ಮುಂದೆ ಗ್ರಾಹಕರು ನಾಲ್ಕು ಸೆಕೆಂಡ್ ತಿರುಗುವ ಲೋಗೊ ಅಂಟಿಸಿದ್ದರು. ಜನ ಲೋಗೊ ಮುಗಿಯುವ ಮೊದಲೇ ಸರಿಸಿ ಹೋದರು, ದೂರು ಬಂದದ್ದು ಸ್ಕ್ರಿಪ್ಟಿನ ಮೇಲೆ.

ಕೊನೆಗೆ, ಹತ್ತು ಲಕ್ಷದ ಜಾಗದಲ್ಲಿ ಎಣಿಸಬಹುದಾದ ಬೇರೊಂದು ಸಂಖ್ಯೆಯನ್ನು ಕೊಡಬೇಕು. ಇಲ್ಲವಾದರೆ ಅವರು ಮತ್ತೆ ವ್ಯೂಸ್‌ಗೇ ಮರಳುತ್ತಾರೆ. ವಿಡಿಯೊದ ಕೊನೆಯಲ್ಲಿ ‘ವಾಟ್ಸ್‌ಆ್ಯಪ್‌ನಲ್ಲಿ ಗಾಣ ಎಂದು ಕಳುಹಿಸಿ’ ಎಂಬ ಸಾಲಿಟ್ಟು, ಹಾಗೆ ಬಂದ ಸಂದೇಶಗಳನ್ನೂ ಅದರಿಂದಾದ ಆರ್ಡರುಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಸೂಚಿಸಿದೆ. ಬೇರೆ ರಾಜ್ಯದಲ್ಲಿ ಮೂರು ಲಕ್ಷ ಜನ ನೋಡಿದರೂ ಈ ನೋಟ್‌ಬುಕ್ ಖಾಲಿ ಉಳಿಯಬಹುದು. ದಾವಣಗೆರೆಯ ಒಂದು ಬಡಾವಣೆಯ ಗುಂಪಿನಲ್ಲಿ ಹಂಚಿಕೆಯಾದ ವಿಡಿಯೊಗೆ ನಾಲ್ಕು ಸಾವಿರ ವ್ಯೂಸ್ ಬಂದರೂ ಅದು ತುಂಬಬಹುದು. ಸಂದೇಶ ಎಷ್ಟು ಬರುತ್ತದೆ ಎಂಬುದಕ್ಕೂ ನಾನು ಗ್ಯಾರಂಟಿ ಕೊಡಲಿಲ್ಲ, ಮೂರು ಆರಂಭಗಳಲ್ಲಿ ಯಾವುದು ಹೆಚ್ಚು ತಂದಿತೆಂದು ಒಂದು ತಿಂಗಳ ನಂತರ ಒಟ್ಟಿಗೆ ಕುಳಿತು ನೋಡೋಣ ಎಂದಷ್ಟೇ ಬರೆದೆ.

ನಾಲ್ಕನೆಯ ಹಂತ: ‘ಬೇರೆಯವರು ಗ್ಯಾರಂಟಿ ಕೊಡ್ತಾರಲ್ಲ’ ಎಂಬುದಕ್ಕೆ

ಈ ಮಾತು ಬಂದೇ ಬರುತ್ತದೆ, ಮೊದಲೇ ಉತ್ತರಿಸಿಬಿಡಿ. ಸಂಖ್ಯೆಯ ಗ್ಯಾರಂಟಿ ಕೊಡುವವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ಹಣ ಕೊಟ್ಟು ಜಾಹೀರಾತಾಗಿ ಓಡಿಸುವುದು. ಇದು ನ್ಯಾಯವಾದದ್ದೇ, ಆದರೆ ಆ ಹಣ ಎಷ್ಟು, ಯಾವ ಜಿಲ್ಲೆಗೆ ತೋರಿಸುತ್ತಾರೆ ಎಂಬುದನ್ನು ಬಿಲ್ಲಿನಲ್ಲಿ ಬೇರೆಯಾಗಿ ಕೇಳಿ ಎಂದು ಗ್ರಾಹಕರಿಗೆ ತಿಳಿಸಿ. ಇನ್ನೊಂದು, ವ್ಯೂಸ್ ಕೊಳ್ಳುವುದು. ಯಂತ್ರಗಳಿಂದ ವ್ಯೂಸ್ ಏರಿಸುವುದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ, ಪತ್ತೆಯಾದರೆ ಸಂಖ್ಯೆಯನ್ನು ಕಡಿತ ಮಾಡುವುದಲ್ಲದೆ ಚಾನೆಲ್ ಮೇಲೂ ಕ್ರಮವಾಗಬಹುದು. ಗುರುತಿಸುವುದು ಕಷ್ಟವಲ್ಲ: ಲಕ್ಷ ವ್ಯೂಸ್ ಇದ್ದರೂ ಕಾಮೆಂಟುಗಳಲ್ಲಿ ಬೆಲೆ ಕೇಳಿದವರು ಒಬ್ಬರೂ ಇರುವುದಿಲ್ಲ. ಯಾವ ಕಂಪನಿಯ ಹೆಸರನ್ನೂ ಪತ್ರದಲ್ಲಿ ಎತ್ತಬೇಡಿ.

ಐದನೆಯ ಹಂತ: ಹಣ

ಅರ್ಧ ಹಣ ಮುಂಗಡ, ಉಳಿದರ್ಧ ಸ್ಕ್ರಿಪ್ಟ್ ಒಪ್ಪಿದ ದಿನ. ವಿಡಿಯೊ ಹಾಕಿದ ದಿನವಲ್ಲ, ಏಕೆಂದರೆ ಚಿತ್ರೀಕರಣ ಮೂರು ತಿಂಗಳು ಮುಂದೆ ಹೋಗುವುದುಂಟು. ‘ಹತ್ತು ಲಕ್ಷ ದಾಟಿದರೆ ಎರಡು ಪಟ್ಟು ಕೊಡ್ತೀನಿ’ ಎಂದರೆ ನಾನು ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ. ಆ ಬೋನಸ್ಸಿಗೆ ಹೂಂ ಎಂದರೆ ವ್ಯೂಸ್‌ಗೂ ನಿಮ್ಮ ಸಂಬಳಕ್ಕೂ ಸಂಬಂಧವಿದೆ ಎಂದು ನೀವೇ ಒಪ್ಪಿದಂತೆ, ಮುಂದಿನ ಸಲ ವ್ಯೂಸ್ ಕಡಿಮೆಯಾದಾಗ ಕಡಿತವೂ ಅದೇ ಲೆಕ್ಕದಲ್ಲಿ ಬರುತ್ತದೆ.

ಆರನೆಯ ಹಂತ: ಕಳುಹಿಸುವುದು

ಪತ್ರ ಒಂದೂವರೆ ಪುಟ ಮೀರದಿರಲಿ. ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ, ಜೊತೆಗೆ ‘ಓದಿ, ಒಪ್ಪಿಗೆಯಿದ್ದರೆ ಬರಹದಲ್ಲಿ ತಿಳಿಸಿ’ ಎಂಬ ಒಂದು ಸಾಲು ಸಾಕು. ಬರುವ ಉತ್ತರ ವಾಯ್ಸ್ ಮೆಸೇಜಾಗಿದ್ದರೆ, ಅದರಲ್ಲಿ ‘ಆಯ್ತು ಬಿಡಿ ಸಾರ್, ಆದರೂ ಒಂದು ಐದು ಲಕ್ಷನಾದ್ರೂ...’ ಎಂಬ ಬಾಲವಿದ್ದರೆ ಕೆಲಸ ಶುರು ಮಾಡಬೇಡಿ. ಗಾಣದ ಯಜಮಾನರ ಮೊದಲ ಉತ್ತರ ಹಾಗೆಯೇ ಇತ್ತು. ನಾನು ನಿರೀಕ್ಷೆಯ ಪ್ಯಾರಾವನ್ನಷ್ಟೇ ಮತ್ತೆ ಕಳುಹಿಸಿ ಸುಮ್ಮನಾದೆ. ನಾಲ್ಕನೆಯ ದಿನ ‘ಒಪ್ಪಿದೆ, ತಕ್ಕಡಿ ಆರಂಭ ಮೊದಲು ಬರೀರಿ’ ಎಂದು ಬರೆದರು, ಅದೇ ಸಂಜೆ ಮುಂಗಡವೂ ಬಂತು.