ಆಯನದ ವಾರದ ರಜೆಯನ್ನು ನಾನು ವಾಪಸ್ ಪಡೆದದ್ದು ಹೀಗೆ

ಕುಂಬಳೆ ದೇವಸ್ಥಾನದ ವರ್ಷದ ಜಾತ್ರೆ, ಅಂದರೆ ಆಯನ, ಬಂತೆಂದರೆ ನಮ್ಮ ಮನೆ ತುಂಬುತ್ತದೆ. ಘಟ್ಟದ ಮೇಲೆ ಮದುವೆಯಾಗಿ ಹೋದ ಅಕ್ಕ, ಭಾವ, ಮಕ್ಕಳು ಎಲ್ಲರೂ ಬೆಡಿ, ಅಂದರೆ ಜಾತ್ರೆಯ ಸಿಡಿಮದ್ದು, ನೋಡಲು ಬರುತ್ತಾರೆ. ಹಾಗಾಗಿ ಆ ವಾರ ಮಂಗಳವಾರದಿಂದ ಶುಕ್ರವಾರದವರೆಗೆ 4 ದಿನ ರಜೆ ಕೇಳಿದ್ದೆ. ಡಿಸೆಂಬರಿನಲ್ಲೇ ಮಂಜೂರಾಗಿತ್ತು.

ನಾನು ಕಾಸರಗೋಡಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಡೇಟಾಬೇಸ್ ಕೆಲಸ ಮಾಡುತ್ತೇನೆ. ಆಗ ನಮ್ಮ ಕೈಯಲ್ಲಿದ್ದದ್ದು ಒಂದು ಆಸ್ಪತ್ರೆಯ ಬಿಲ್ಲಿಂಗ್ ಸಾಫ್ಟ್‌ವೇರ್. ಹಳೆಯ ಸರ್ವರಿನಿಂದ ಹೊಸದಕ್ಕೆ ಡೇಟಾ ಸಾಗಿಸುವುದು ತಿಂಗಳ ಕೊನೆಗೆ ಎಂದು ನಿಗದಿಯಾಗಿತ್ತು. ಆದರೆ ಆಯನದ ಹಿಂದಿನ ಶನಿವಾರ ಹಳೆಯ ಸರ್ವರ್ ಎರಡು ಸಲ ನಿಂತುಹೋಯಿತು, ಡಿಸ್ಕ್ ಕೈಕೊಡುತ್ತಿತ್ತು. ತಿಂಗಳ ಕೊನೆಯವರೆಗೆ ಕಾಯುವ ಹಾಗಿಲ್ಲ, ಇದೇ ವಾರ ಸಾಗಿಸೋಣ ಎಂದು ಭಾನುವಾರ ಸಂಜೆ ಗ್ರೂಪಿನಲ್ಲಿ ಮೆಸೇಜ್ ಬಂತು. ನನಗೆ ಯಾರೂ ರಜೆ ಬಿಡು ಎನ್ನಲಿಲ್ಲ. ಆದರೆ ಒಬ್ಬನೇ ರೋಗಿಗೆ ಎರಡು ಶಾಖೆಗಳಲ್ಲಿ ಎರಡು ನಂಬರ್ ಇದ್ದರೆ ಅದನ್ನು ಹೊಂದಿಸುವ ಸ್ಕ್ರಿಪ್ಟ್ ಬರೆದವನು ನಾನು. ಅದರಲ್ಲಿ ಎಡವಟ್ಟಾದರೆ ಒಬ್ಬರ ಬಿಲ್ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಬೇರೆಯವರಿಗೆ ಒಂದು ದಿನದಲ್ಲಿ ಹೇಳಿಕೊಟ್ಟು ಮುಗಿಯುವ ಕೆಲಸವೂ ಅಲ್ಲ. ಅಂಥ ಕೆಲಸ ಆಗಿದ್ದಿದ್ದರೆ ಹೇಳಿಕೊಟ್ಟು ರಜೆ ಹಾಕುತ್ತಿದ್ದೆ.

'ನನ್ನ ರಜೆ ಕ್ಯಾನ್ಸಲ್ ಮಾಡ್ತೇನೆ' ಎಂದು ಗ್ರೂಪಿನಲ್ಲೇ ಬರೆಯಲು ಹೊರಟಿದ್ದೆ. ಕೈ ತಡೆದೆ. ಯಾಕೆಂದರೆ ಎರಡು ವರ್ಷದ ಹಿಂದೆ ಬೇರೊಂದು ಕಂಪನಿಯಲ್ಲಿ ನಾನು ಮಾಡಿದ ತಪ್ಪು ನೆನಪಾಯಿತು. ಆಗ 2 ದಿನದ ರಜೆ ಮಂಜೂರಾಗಿತ್ತು. ಕೆಲಸ ಬಂತೆಂದು ಸುಮ್ನೆ ಆಫೀಸಿಗೆ ಹೋದೆ, ಹಾಜರಿ ಯಂತ್ರಕ್ಕೆ ಬೆರಳೂ ಒತ್ತಿದೆ. ಬಾಯಿಮಾತಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಪೋರ್ಟಲಿನಲ್ಲಿ ರಜೆ ಹಾಗೇ ಉಳಿದಿತ್ತು. ಅಲ್ಲಿನ ಲೆಕ್ಕದಲ್ಲಿ ಮಂಜೂರಾದ ರಜೆಯೇ ಹಾಜರಿಗಿಂತ ಮೇಲು. ಆ ತಿಂಗಳ ಸಂಬಳದ ಲೆಕ್ಕ ಮುಗಿದಿತ್ತು, ನನ್ನ 2 ದಿನ ವಾಪಸ್ ಬರಲು ಮುಂದಿನ ತಿಂಗಳವರೆಗೆ ಮೇಲ್ ಮೇಲೆ ಮೇಲ್ ಹಾಕಬೇಕಾಯಿತು.

ಹಾಗಾಗಿ ಈ ಸಲ ಮೊದಲು ಟೀಮ್ ಲೀಡ್‌ಗೆ ಫೋನ್ ಮಾಡಿದೆ. ಅವರು ಪಯ್ಯನ್ನೂರಿನ ಕಡೆಯವರು, ನಾವು ಮಾತಾಡುವುದು ಮಲಯಾಳದಲ್ಲಿ. ರಜೆ ಬಿಡುತ್ತೇನೆ ಎಂದು ಶುರು ಮಾಡಲಿಲ್ಲ. "ಸರ್, ಈ ಕೆಲಸದಲ್ಲಿ ಯಾವ ಯಾವ ದಿನ ನಾನು ಇರಲೇಬೇಕು?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಮಂಗಳವಾರ ಒಂದು ಸಲ ಅಭ್ಯಾಸಕ್ಕೆ ಓಡಿಸಿ ನೋಡುವುದು, ಬುಧವಾರ ರಾತ್ರಿ ನಿಜವಾದ ಸಾಗಣೆ, ಗುರುವಾರ ಬಿಲ್‌ಗಳನ್ನು ತಾಳೆ ನೋಡುವುದು. ಶುಕ್ರವಾರ? "ಶುಕ್ರವಾರ ನೀನು ಬೇಕಾಗಲಿಕ್ಕಿಲ್ಲ" ಎಂದರು. ಬೆಡಿ ಇದ್ದದ್ದು ಶುಕ್ರವಾರ ರಾತ್ರಿ! ಆ ಪ್ರಶ್ನೆ ಕೇಳದೆ ಇದ್ದಿದ್ದರೆ ಬೇಡದ ಒಂದು ದಿನವನ್ನೂ ಬಿಟ್ಟುಕೊಡುತ್ತಿದ್ದೆ. ಅವರಿಗೂ ಅದರಿಂದ ಏನೂ ಸಿಗುತ್ತಿರಲಿಲ್ಲ.

ಇನ್ನೊಂದು ತೊಡಕಿತ್ತು. ನಮ್ಮ ಪೋರ್ಟಲಿನಲ್ಲಿ ಮಂಜೂರಾದ ರಜೆಯ ಒಂದು ಭಾಗವನ್ನು ಮಾತ್ರ ತೆಗೆಯಲು ಆಗುವುದಿಲ್ಲ. ಮಂಜೂರಾತಿಗೆ ಮೊದಲಾದರೆ ನಾವೇ ವಾಪಸ್ ಪಡೆಯಬಹುದು. ಮಂಜೂರಾದ ಮೇಲೆ 4 ದಿನವನ್ನೂ ಒಟ್ಟಿಗೆ ರದ್ದು ಮಾಡಲು ಕೋರಿಕೆ ಹಾಕಬೇಕು, ಲೀಡ್ ಒಪ್ಪಬೇಕು, ಆಮೇಲೆ ಶುಕ್ರವಾರಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ಈ ಎರಡರ ನಡುವೆ ಶುಕ್ರವಾರ ಯಾರದ್ದೂ ಅಲ್ಲ. ನಮ್ಮ ಟೀಮಿನಲ್ಲಿ ಒಂದು ದಿನ ಒಬ್ಬರಿಗೇ ರಜೆ, ಅಷ್ಟರಲ್ಲಿ ಬೇರೆ ಯಾರಾದರೂ ಕೇಳಿದರೆ ಆ ದಿನ ಅವರದ್ದು. ಹಾಗಾಗಿ ಪೋರ್ಟಲ್ ಮುಟ್ಟುವ ಮೊದಲು ಶುಕ್ರವಾರದ ಮಾತು ಮೇಲ್‌ನಲ್ಲಿ ಬರಬೇಕಿತ್ತು.

ಆ ರಾತ್ರಿಯೇ ಮೇಲ್ ಬರೆದೆ. ಹೊಸ ಮೇಲ್ ಅಲ್ಲ, ಡಿಸೆಂಬರಿನಲ್ಲಿ ರಜೆ ಮಂಜೂರಾದ ಮೇಲ್‌ಗೇ ಉತ್ತರವಾಗಿ ಬರೆದೆ. ಹಾಗೆ ಮಾಡಿದರೆ ಯಾವ ರಜೆ, ಯಾರು ಒಪ್ಪಿದ್ದು ಎಂಬುದೆಲ್ಲ ಕೆಳಗೇ ಇರುತ್ತದೆ. ನಮ್ಮ ಎಚ್‌ಆರ್ ಮೇಡಂ ಕೊಚ್ಚಿಯಲ್ಲಿರುವವರು, ನನ್ನ ಮುಖ ನೋಡಿದವರಲ್ಲ, ಫೋನಿನಲ್ಲಿ ಏನು ಮಾತಾಯಿತು ಎಂದೂ ಅವರಿಗೆ ಗೊತ್ತಿಲ್ಲ. ಮೇಲ್ ಅವರಿಗೂ ಅರ್ಥವಾಗಬೇಕು. ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

"ಸರ್, ನಮಸ್ತೆ. ಜನವರಿ 14ರಿಂದ 17ರವರೆಗೆ ನನಗೆ ಮಂಜೂರಾದ 4 ದಿನದ ರಜೆಯಲ್ಲಿ 14, 15, 16 ಈ 3 ದಿನಗಳನ್ನು ವಾಪಸ್ ಪಡೆಯಲು ಕೋರುತ್ತೇನೆ. ಆಸ್ಪತ್ರೆಯ ಡೇಟಾ ಸಾಗಣೆ ಇದೇ ವಾರಕ್ಕೆ ಬಂದಿರುವುದರಿಂದ ಆ ದಿನಗಳಲ್ಲಿ ಕೆಲಸಕ್ಕೆ ಬರುತ್ತೇನೆ. ಫೋನಿನಲ್ಲಿ ಮಾತಾಡಿದ ಹಾಗೆ 17ರ ಶುಕ್ರವಾರದ ರಜೆ ಹಾಗೇ ಇರಲಿ. ಪೋರ್ಟಲಿನಲ್ಲಿ ಪೂರ್ತಿ ರಜೆ ರದ್ದು ಮಾಡಿ 17ಕ್ಕೆ ಹೊಸ ಅರ್ಜಿ ಹಾಕಬೇಕಾಗುತ್ತದೆ. ನೀವು ಇದಕ್ಕೆ ಒಪ್ಪಿಗೆ ಬರೆದ ಮೇಲೆ ಎರಡನ್ನೂ ಮಾಡುತ್ತೇನೆ. 3 ದಿನ ನನ್ನ ಖಾತೆಗೆ ವಾಪಸ್ ಸೇರಿಸುವಂತೆ ಎಚ್‌ಆರ್ ವಿಭಾಗವನ್ನು ಕೋರುತ್ತೇನೆ."

ಮೊದಲು ಬರೆದಾಗ ಇದರಲ್ಲಿ ಇನ್ನೆರಡು ಸಾಲು ಇದ್ದವು. ಅಕ್ಕ ದೂರದಿಂದ ಬರುತ್ತಿದ್ದಾಳೆ, ಆದರೂ ಕಂಪನಿಗಾಗಿ ರಜೆ ಬಿಡುತ್ತಿದ್ದೇನೆ ಅಂತ. ಓದಿ ನೋಡಿದರೆ ಉಪಕಾರ ಮಾಡಿ ಲೆಕ್ಕ ಹೇಳಿದ ಹಾಗಿತ್ತು, ಅಳಿಸಿದೆ. 'ತೊಂದರೆಗೆ ಕ್ಷಮಿಸಿ' ಎಂಬುದನ್ನೂ ತೆಗೆದೆ. ಕೆಲಸಕ್ಕೆ ಬರುತ್ತೇನೆ ಎನ್ನುವುದಕ್ಕೆ ಕ್ಷಮೆ ಯಾಕೆ, ಅಲ್ವಾ? ಇನ್ನೊಂದು, ನಮ್ಮ ಕಡೆ ವಿನಯಕ್ಕೆ 'ಬರಬಹುದು', 'ನೋಡುವ' ಎನ್ನುವ ರೂಢಿ ಉಂಟು. ಮಾತಿಗೆ ಅದು ಚೆಂದ, ಮೇಲ್‌ನಲ್ಲಿ ಹಾಗೆ ಬರೆದರೆ ಬರುತ್ತಾನೋ ಇಲ್ಲವೋ ಎಂದು ಓದಿದವರಿಗೆ ತಿಳಿಯುವುದಿಲ್ಲ.

ಮೇಲ್ ಕಳಿಸುವ ಮೊದಲು ಇಬ್ಬರಿಗೆ ಹೇಳಿದೆ. ಒಬ್ಬಳು ನನ್ನ ಸಪೋರ್ಟ್ ಕರೆಗಳನ್ನು ನೋಡಿಕೊಳ್ಳಲು ಒಪ್ಪಿದ್ದ ಸಹೋದ್ಯೋಗಿ. ನನಗಾಗಿ ಅವಳು ಬುಧವಾರ ಊರಿಗೆ ಹೋಗುವುದನ್ನು ಮುಂದೂಡಿದ್ದಳು. ಅವಳಿಗೆ ಬೇರೆಯವರಿಂದ ತಿಳಿಯುವುದು ಸರಿಯಲ್ಲ. ಇನ್ನೊಬ್ಬಳು ಅಕ್ಕ. "ಶುಕ್ರವಾರಕ್ಕಾದರೂ ಬರ್ತೀಯಲ್ಲ, ಅಷ್ಟು ಸಾಕು ಮಾರಾಯ" ಎಂದಳು. ಅಮ್ಮ ಮಾತ್ರ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು.

ಸೋಮವಾರ ಬೆಳಗ್ಗೆ ಲೀಡ್ 'ಒಪ್ಪಿದೆ, ಶುಕ್ರವಾರವೂ ಸೇರಿ' ಎಂದು ಉತ್ತರಿಸಿದರು. ಅದಾದ ಮೇಲೆ ಪೋರ್ಟಲಿನಲ್ಲಿ ಎರಡೂ ಕೋರಿಕೆಗಳನ್ನು ಒಂದರ ಹಿಂದೆ ಒಂದು ಹಾಕಿದೆ. ಕಾರಣದ ಜಾಗದಲ್ಲಿ ಆ ಮೇಲ್‌ನ ದಿನಾಂಕ ಬರೆದೆ. ಮಧ್ಯಾಹ್ನದೊಳಗೆ ಎರಡೂ ಹಸಿರಾದವು.

ಬುಧವಾರ ರಾತ್ರಿ ಸಾಗಣೆ ಮುಗಿಯುವಾಗ ಮೂರು ಗಂಟೆ. ಗುರುವಾರ ತಾಳೆ ನೋಡುವಾಗ ಕೆಲವು ರೋಗಿಗಳ ನಂಬರ್ ಎರಡೆರಡು ಸಲ ಬಂದಿದ್ದವು, ಸಂಜೆಯೊಳಗೆ ಸರಿಯಾಯಿತು. ಶುಕ್ರವಾರ ರಾತ್ರಿ ಅಕ್ಕನ ಸಣ್ಣ ಮಗ ನನ್ನ ಹೆಗಲ ಮೇಲೆ ಕೂತು ಎರಡೂ ಕಿವಿ ಮುಚ್ಚಿಕೊಂಡು ಬೆಡಿ ನೋಡಿದ.

ತಿಂಗಳ ಕೊನೆಗೆ ಪೋರ್ಟಲ್ ತೆರೆದು ನೋಡಿದೆ. ರಜೆ ಕೇಳುವ ಮೊದಲು 11 ದಿನ ಬಾಕಿ ಇತ್ತು, ಮಂಜೂರಾದಾಗ 7ಕ್ಕೆ ಇಳಿದಿತ್ತು. ಈಗ 10.